ಫೈನಲ್‌ನಲ್ಲಿ ಫೇಲಾದವರು ಇಂಟರ್ನಲ್ಸ್‌ ಬಲದಲ್ಲೇ ಪಾಸಾಗದಂತೆ ಅಂಕ ಹಂಚುವುದು ಹೇಗೆ?

ಸ್ವಾಯತ್ತ ಕಾಲೇಜುಗಳಲ್ಲಿ ಅಂಕ ಹಂಚಿಕೆ ಬಹುಮಟ್ಟಿಗೆ ಕಾಲೇಜಿನವರ ಕೈಯಲ್ಲೇ ಇರುತ್ತದೆ. ಇಂಟರ್ನಲ್ಸ್‌ಗೆ 40, ಫೈನಲ್‌ಗೆ 60, ಪಾಸಾಗಲು ಒಟ್ಟು 40 ಎಂದು ಬರೆದು ಮುಗಿಸುವವರು ಜಾಸ್ತಿ. ಒಬ್ಬ ಹುಡುಗ ಟೆಸ್ಟು, ಅಸೈನ್‌ಮೆಂಟು, ಸೆಮಿನಾರು ಸೇರಿ 38 ತೆಗೆದ ಅಂದುಕೊಳ್ಳಿ. ಫೈನಲ್‌ನಲ್ಲಿ ನೂರಕ್ಕೆ 10. ಅದನ್ನು 60ಕ್ಕೆ ಇಳಿಸಿದರೆ 6. ಒಟ್ಟು 44, ಪಾಸ್!

ಇದನ್ನು ನೋಡಿದ ಕೂಡಲೇ ಎಲ್ಲರೂ ಮಾಡುವ ಕೆಲಸ ಒಂದೇ, ಇಂಟರ್ನಲ್ಸ್‌ ಕಡಿಮೆ ಮಾಡುವುದು. ಎಡವುವುದು ಇಲ್ಲೇ. ಹಾಗಾಗಿ ಮೊದಲು ಒಂದು ಲೆಕ್ಕ ಮಾಡಿ. ಫೈನಲ್‌ನಲ್ಲಿ ನೂರಕ್ಕೆ 35 ಬಂದರೆ ಪಾಸು ಎಂದು ಇಟ್ಟುಕೊಳ್ಳಿ. ಇಂಟರ್ನಲ್ಸ್‌ನಲ್ಲಿ ಪೂರ್ತಿ ಅಂಕ ಪಡೆದು ಫೈನಲ್‌ನಲ್ಲಿ 34 ತೆಗೆದವರನ್ನು ಲೆಕ್ಕಕ್ಕೆ ಹಿಡಿಯಿರಿ. 40–60 ಹಂಚಿಕೆಯಲ್ಲಿ ಅವರಿಗೆ 60.4 ಬರುತ್ತದೆ. 20–80 ಮಾಡಿದರೆ 47.2. ಇಂಟರ್ನಲ್ಸನ್ನು ಬರೀ 10ಕ್ಕೆ ಇಳಿಸಿದರೂ 10 ಮತ್ತು 30.6 ಸೇರಿ 40.6. ಆಗಲೂ ಪಾಸೇ! 35ಕ್ಕೆ ಕೂದಲೆಳೆಯಷ್ಟು ಕಡಿಮೆ ಬಂದವರಿಗೂ ಬಾಗಿಲು ಮುಚ್ಚಬೇಕೆಂದರೆ ಎಂಟಕ್ಕಿಂತ ಕೆಳಗೆ ಹೋಗಬೇಕು. ಏಳು ಅಂಕಕ್ಕೆ ಯಾವ ಮಕ್ಕಳು ಅಸೈನ್‌ಮೆಂಟ್ ಬರೆಯುತ್ತಾರೆ, ಹೇಳಿ? ಫೈನಲ್‌ಗೂ ಒಟ್ಟು ಅಂಕಕ್ಕೂ ಪಾಸಿನ ಗೆರೆ ಒಂದೇ 40 ಆಗಿದ್ದರಂತೂ ಇಂಟರ್ನಲ್ಸ್‌ಗೆ ಸೊನ್ನೆಯನ್ನೇ ಇಡಬೇಕಾಗುತ್ತದೆ.

ಅಂದರೆ ಹಂಚಿಕೆ ಬದಲಿಸಿ ಈ ಕೆಲಸ ಆಗುವುದಿಲ್ಲ. ಹಂಚಿಕೆಯ ಜೊತೆಗೆ ಫೈನಲ್‌ಗೆ ಅದರದೇ ಆದ ಕನಿಷ್ಠ ಅಂಕ ಬೇಕು. ವಿಟಿಯು 2022ರ ಸ್ಕೀಮ್‌ನಲ್ಲಿ ಇರುವುದೂ ಇದೇ. ಅಲ್ಲಿ ಇಂಟರ್ನಲ್ಸ್‌ 50, ಫೈನಲ್ 50. ಆದರೂ ಒಟ್ಟು 40ರ ಜೊತೆ ಫೈನಲ್‌ನಲ್ಲಿ ಶೇ 35 ಪ್ರತ್ಯೇಕವಾಗಿ ಬರಲೇಬೇಕು. ಕನಿಷ್ಠ ಅಂಕ ಇಟ್ಟ ಮೇಲೆ ಇಂಟರ್ನಲ್ಸ್‌ 40 ಇರಲಿ, ಅದನ್ನು ಕಡಿತ ಮಾಡಬೇಡಿ.

ಮುಂದಿನದು ಎಕ್ಸೆಲ್ ಹಾಳೆ. B ಕಾಲಂನಲ್ಲಿ 40ಕ್ಕೆ ಇಂಟರ್ನಲ್ಸ್‌, C ಕಾಲಂನಲ್ಲಿ 100ಕ್ಕೆ ಫೈನಲ್. ಫೈನಲ್ ಅಂಕವನ್ನು ಇಳಿಸುವ ಮೊದಲೇ ಕನಿಷ್ಠ ನೋಡಿ. ಮೊದಲು 60ಕ್ಕೆ ಇಳಿಸಿ ಪೂರ್ಣಾಂಕ ಮಾಡಿದರೆ 34.5 ಇದ್ದದ್ದು 20.7 ಆಗಿ, 21 ಆಗಿ, ಗೆರೆ ದಾಟಿಬಿಡುತ್ತದೆ.

```
=MIN(N(B2)+N(C2)*0.6,IF(N(C2)<35,39,100))
```

ಫೈನಲ್‌ನಲ್ಲಿ 35ಕ್ಕಿಂತ ಕಡಿಮೆ ಬಂದವರ ಒಟ್ಟು ಅಂಕ 39ರಲ್ಲೇ ನಿಲ್ಲುತ್ತದೆ. ಕೆಲವರು ಅಂಥವರಿಗೆ ಸೀದಾ ಸೊನ್ನೆ ಹಾಕುತ್ತಾರೆ, ಅದು ನನಗೆ ಒಪ್ಪಿಗೆಯಿಲ್ಲ. ವರ್ಷವಿಡೀ ದುಡಿದು ಒಂದಂಕದಲ್ಲಿ ಹೋದವರೂ ಏನೂ ಓದದವರೂ ಒಂದೇ ಅಲ್ವಾ ಅನ್ನಿಸಿಬಿಡುತ್ತದೆ.

ಆ N ಯಾಕೆ ಅಂತ ಕೇಳಬಹುದು. ಗೈರಾದವರ ಮುಂದೆ ನಾವು AB ಎಂದು ಬರೆಯುತ್ತೇವೆ. ಎಕ್ಸೆಲ್ ಪ್ರಕಾರ ಅಕ್ಷರ ಯಾವಾಗಲೂ ಸಂಖ್ಯೆಗಿಂತ ದೊಡ್ಡದು. IF ಒಳಗೆ N ಇಲ್ಲದಿದ್ದರೆ ಪರೀಕ್ಷೆಗೇ ಬರದವರು ಕನಿಷ್ಠ ದಾಟಿದಂತೆ ಲೆಕ್ಕವಾಗುತ್ತದೆ. N ಹಾಕಿದರೆ AB ಸೊನ್ನೆಯಾಗುತ್ತದೆ. ಆದರೆ ಬೇರೆ ಕಡೆಯಿಂದ ಕಾಪಿ ಮಾಡಿ ಅಂಟಿಸಿದ ಅಂಕಗಳು ಕೆಲವೊಮ್ಮೆ ಅಕ್ಷರವಾಗಿ ಕೂರುತ್ತವೆ. ಆಗ ಓದಿ ಬರೆದವರಿಗೂ ಸೊನ್ನೆ ಬೀಳುತ್ತದೆ. ಅಂಕ ಮನೆಯ ಎಡಕ್ಕೆ ಅಂಟಿಕೊಂಡಿದ್ದರೆ ಅನುಮಾನಪಟ್ಟು ಸರಿಪಡಿಸಿ. ಮೂಡಲ್ ಬಳಸುವವರು ಇನ್ನೊಂದು ಗಮನಿಸಬೇಕು. ಅಲ್ಲಿ "Exclude empty grades" ಎಂಬ ಆಯ್ಕೆ ಆನ್ ಇದ್ದರೆ ಖಾಲಿ ಮನೆಯನ್ನು ಲೆಕ್ಕದಿಂದಲೇ ಬಿಡುತ್ತದೆ. ಫೈನಲ್ ಬರೆಯದವರ ಫಲಿತಾಂಶ ಬರೀ ಇಂಟರ್ನಲ್ಸ್‌ ಮೇಲೆ ನಿಂತುಬಿಡುತ್ತದೆ. ಆಫ್ ಮಾಡಿ, ಇಲ್ಲವೇ ಖಾಲಿ ಬಿಡದೆ ಸೊನ್ನೆ ತುಂಬಿ.

ನಿಜವಾದ ಅಂಕ ತುಂಬುವ ಮೊದಲು ನಾಲ್ಕು ಸುಳ್ಳು ಹೆಸರು ಹಾಕಿ ನೋಡಿ. ಇಂಟರ್ನಲ್ಸ್‌ 40, ಫೈನಲ್ 34 ಇದ್ದರೆ 39 ಬರಬೇಕು. 40 ಮತ್ತು 35ಕ್ಕೆ 61. 19 ಮತ್ತು 35ಕ್ಕೆ ಸರಿಯಾಗಿ 40. 40 ಮತ್ತು ABಗೆ 39. ಒಂದು ತಪ್ಪಿದರೂ ಸೂತ್ರ ಎಲ್ಲೋ ಕೆಟ್ಟಿದೆ.

ನಿಯಮವನ್ನು ಸೆಮಿಸ್ಟರಿನ ಮೊದಲ ವಾರವೇ ಸಿಲಬಸ್‌ ಹಾಳೆಯಲ್ಲಿ ಕೊಡಿ. ಪರೀಕ್ಷೆ ಮುಗಿದ ಮೇಲೆ ತಂದರೆ ಅದು ಅನ್ಯಾಯ. ಮರುಪರೀಕ್ಷೆಗೆ ಬಂದವರ ಇಂಟರ್ನಲ್ಸನ್ನು ಹಾಗೇ ಉಳಿಸಿ, C ಕಾಲಂ ಮಾತ್ರ ಬದಲಿಸಿ. ಆ 38ರ ಹುಡುಗ ಎರಡನೇ ಸಲ 36 ತೆಗೆದರೆ ತಡೆ ತಾನಾಗಿ ಹೋಗಿ 59.6 ಬರುತ್ತದೆ.