ಮಗಳ ಸಾಲದಲ್ಲಿ ಬಡ್ಡಿ ಅಸಲಾಗದಂತೆ ತಡೆದದ್ದು: ನನ್ನ ಅನುಭವ

ಕಳೆದ ಆಗಸ್ಟ್‌ನಲ್ಲಿ ಮಗಳ ಶಿಕ್ಷಣ ಸಾಲದ ಮೊದಲ ಕಂತು ಕಟ್ಟಿದೆವು. ಸಾಲದ ಬಾಕಿ ಆ ದಿನ ಬ್ಯಾಂಕ್ ನಮಗೆ ಕೊಟ್ಟ ಹಣದಷ್ಟೇ ಇತ್ತು, ಸುಮಾರು 5 ಲಕ್ಷದ 70 ಸಾವಿರ. ಐದು ವರ್ಷದ ಬಡ್ಡಿ ಅದರೊಳಗೆ ಸೇರಿರಲಿಲ್ಲ. ತೀರ್ಥಹಳ್ಳಿ ಕಡೆಯ ನಮ್ಮ ನೆಂಟರಲ್ಲಿ, ತೋಟದ ಅಕ್ಕಪಕ್ಕದವರಲ್ಲಿ ಹೀಗೆ ಮಾಡಿದವರನ್ನು ನಾನು ಕಂಡಿಲ್ಲ. ಮಾಡುತ್ತೇನೆ ಎಂದಾಗ ಒಪ್ಪಿದವರೂ ಇರಲಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ಮೊದಲು ಪೆಟ್ಟು ತಿಂದದ್ದು ಮಗನ ಸಾಲದಲ್ಲಿ. ವರ್ಷಕ್ಕೆ ಒಂದು ಲಕ್ಷದಂತೆ ನಾಲ್ಕು ಲಕ್ಷ ತೆಗೆದಿದ್ದೆವು. ಬಡ್ಡಿ ಆಗ ಹನ್ನೊಂದೂವರೆಯ ಆಸುಪಾಸು. ಓದು ಮುಗಿದು ಒಂದು ವರ್ಷದವರೆಗೆ ಏನೂ ಕಟ್ಟಬೇಕಿಲ್ಲ ಎಂದು ಶಾಖೆಯಲ್ಲಿ ಹೇಳಿದ್ದರು, ನಾನೂ ನೆಮ್ಮದಿಯಿಂದ ಇದ್ದೆ. ಕಂತು ಶುರುವಾಗುವ ತಿಂಗಳು ಪಾಸ್‌ಬುಕ್ ಬರೆಸಿದಾಗ ಬಾಕಿ 5 ಲಕ್ಷದ 60 ಸಾವಿರ ದಾಟಿತ್ತು. ಕಟ್ಟಬೇಕಿಲ್ಲ ಎಂದರೆ ಬಡ್ಡಿಯೇ ಇಲ್ಲ ಎಂದು ನಾನು ತಿಳಿದಿದ್ದೆ. ಬಡ್ಡಿ ಮೊದಲ ಚೆಕ್ ಹೋದ ದಿನದಿಂದಲೇ ಓಡುತ್ತಿತ್ತು. ಮೊರಟೋರಿಯಂ, ಅಂದರೆ ಕಂತು ಕಟ್ಟಬೇಕಿಲ್ಲದ ಆ ಅವಧಿ, ಮುಗಿದ ದಿನ ಅಷ್ಟೂ ಅಸಲಿಗೆ ಸೇರಿ, ಅಲ್ಲಿಂದ ಮುಂದೆ ಆ ಬಡ್ಡಿಗೂ ಬಡ್ಡಿ ಬೀಳತೊಡಗಿತು. ಕಂತು ಐದು ಸಾವಿರದ ಆರುನೂರು ಆಗಬೇಕಿದ್ದದ್ದು ಏಳು ಸಾವಿರದ ಎಂಟುನೂರರ ಮೇಲೆ ಹೋಗಿ ನಿಂತಿತು. ಮಗ ಇನ್ನೂ ಕಟ್ಟುತ್ತಿದ್ದಾನೆ.

ಮಗಳ ಸರದಿ ಬಂದಾಗ ಮಂಜೂರಾತಿ ಪತ್ರವನ್ನು ಎರಡು ರಾತ್ರಿ ಕುಳಿತು ಓದಿದೆ. ಅದರಲ್ಲಿ ಒಂದು ಸಾಲು ಸಿಕ್ಕಿತು: ಓದಿನ ಅವಧಿಯಲ್ಲೂ ಆಮೇಲಿನ ಒಂದು ವರ್ಷದಲ್ಲೂ ಸರಳ ಬಡ್ಡಿ. ಬ್ಯಾಂಕುಗಳ ಸಂಘದ ಮಾದರಿ ಯೋಜನೆಯಲ್ಲೂ ಇದೇ ಇದೆ. ಹಾಗಾದರೆ ಆ ಐದು ವರ್ಷ ಕಟ್ಟದೆ ಉಳಿದ ಬಡ್ಡಿ ತಾನು ಮರಿ ಹಾಕುವುದಿಲ್ಲ, ಸುಮ್ಮನೆ ಒಂದು ಕಡೆ ಗುಡ್ಡೆಯಾಗಿ ಬಿದ್ದಿರುತ್ತದೆ. ಅಸಲಿಗೆ ಸೇರುವ ದಿನದವರೆಗೆ ಅದನ್ನು ಕಟ್ಟದಿದ್ದರೆ ನನಗೆ ನಷ್ಟವಿಲ್ಲ. ಆ ದಿನವೂ ಕಟ್ಟದೆ ಅಸಲಿಗೆ ಸೇರಲು ಬಿಟ್ಟರೆ ಮಾತ್ರ ನಷ್ಟ. ನನ್ನ ಉಪಾಯವೆಲ್ಲ ಇಷ್ಟೇ: ಬಡ್ಡಿಯ ಹಣವನ್ನು ಬ್ಯಾಂಕಿಗೆ ತಿಂಗಳು ತಿಂಗಳು ಕೊಡದೆ ಠೇವಣಿಯಲ್ಲಿ ಬೆಳೆಸುವುದು, ಸೇರುವ ದಿನಕ್ಕೆ ಮುಂಚೆ ಒಂದೇ ಏಟಿಗೆ ಚುಕ್ತಾ ಮಾಡುವುದು.

ಭಾವನಿಗೆ ಹೇಳಿದೆ. "ಸಾಲ ಇಟ್ಟುಕೊಂಡು ಠೇವಣಿ ಇಡುವುದು ಯಾವ ಊರಿನ ಲೆಕ್ಕ? ಹತ್ತು ಕೊಟ್ಟು ಆರು ತೆಗೆದುಕೊಳ್ಳುತ್ತೀಯಾ?" ಎಂದ. ಸೊಸೈಟಿಯ ಕಾರ್ಯದರ್ಶಿಯೂ ತಿಂಗಳ ಬಡ್ಡಿ ತಿಂಗಳಿಗೇ ಕಟ್ಟಿ ಎಂದರು. ಹತ್ತು ಬೀಳುವುದು ಅಸಲಿಗೆ, ಗುಡ್ಡೆಯಾದ ಬಡ್ಡಿಗೆ ಬೀಳುವುದು ಸೊನ್ನೆ ಎಂದು ಎಷ್ಟು ಹೇಳಿದರೂ ಇಬ್ಬರೂ ತಲೆ ಆಡಿಸಲಿಲ್ಲ. ಅವರ ಮಾತಿನಲ್ಲಿ ಸತ್ಯವಿರುವ ಒಂದು ಸಂದರ್ಭವಿದೆ. ಓದುವಾಗಲೇ ಬಡ್ಡಿ ಕಟ್ಟುತ್ತಾ ಬಂದವರಿಗೆ ಬ್ಯಾಂಕ್ ಬಯಸಿದರೆ ಬಡ್ಡಿ ದರದಲ್ಲಿ ಒಂದು ಪರ್ಸೆಂಟ್ ರಿಯಾಯಿತಿ ಕೊಡಬಹುದು. ನಿಮ್ಮ ಪತ್ರದಲ್ಲಿ ಆ ಸಾಲಿದ್ದು, ಆ ರಿಯಾಯಿತಿ ಸಾಲ ತೀರುವವರೆಗೂ ಇರುತ್ತದೆ ಎಂದಿದ್ದರೆ ನನ್ನ ದಾರಿ ಬಿಟ್ಟು ತಿಂಗಳು ತಿಂಗಳು ಕಟ್ಟುವುದೇ ಲೇಸು. ನನ್ನ ಪತ್ರದಲ್ಲಿ ಅದು ಇರಲಿಲ್ಲ. ಕುಟುಂಬದ ವರ್ಷದ ಆದಾಯ ನಾಲ್ಕೂವರೆ ಲಕ್ಷದೊಳಗಿದ್ದು, ಕೋರ್ಸೂ ಕಾಲೇಜೂ ಯೋಜನೆಯೊಳಗೆ ಬರುವುದಾದರೆ ಕೇಂದ್ರದ ಬಡ್ಡಿ ಸಹಾಯಧನಕ್ಕೆ ಮೊದಲು ಅರ್ಜಿ ಹಾಕಿ, ಈ ಅವಧಿಯ ಬಡ್ಡಿಯನ್ನು ಸರ್ಕಾರವೇ ತುಂಬುತ್ತದೆ. ನಮ್ಮ ಆದಾಯ ಪತ್ರ ಆ ಮಿತಿಯನ್ನು ಸ್ವಲ್ಪದರಲ್ಲಿ ದಾಟಿತ್ತು.

ಶುರುವಿಗೇ ಒಂದು ಎಡವಟ್ಟು ಕಂಡಿತು. ಆಗಸ್ಟ್ ನಡುವೆ ಮೊದಲ ಒಂದೂವರೆ ಲಕ್ಷ ಹೋಗಿತ್ತು. ಐದು ವರ್ಷದಲ್ಲಿ ಬಡ್ಡಿ ದರ ಏರಿ ಇಳಿಯುತ್ತಿತ್ತು, ಇಲ್ಲಿ ಲೆಕ್ಕಕ್ಕೆ ಹತ್ತು ಎಂದೇ ಹಿಡಿಯುತ್ತೇನೆ. ಒಂದೂವರೆ ಲಕ್ಷಕ್ಕೆ 31 ದಿನದ ಬಡ್ಡಿ 1,274 ರೂಪಾಯಿ. ಏಪ್ರಿಲ್‌ನಲ್ಲಿ ಸ್ಟೇಟ್‌ಮೆಂಟ್ ತೆಗೆಸಿ ಅಂಗಳದ ಅಡಿಕೆ ಹಾಸಿನ ಪಕ್ಕ ಕುಳಿತು ನೋಡಿದೆ. ಅಕ್ಟೋಬರ್‌ನಲ್ಲಿ 1,290, ಮಾರ್ಚ್‌ನಲ್ಲಿ 1,344. ಎರಡೂ 31 ದಿನದ ತಿಂಗಳು, ನಡುವೆ ಹೊಸ ಹಣ ಹೋಗಿಲ್ಲ, ದರವೂ ಬದಲಾಗಿಲ್ಲ. ಹಾಗಿದ್ದೂ ಬಡ್ಡಿ ಏರಿದೆ ಎಂದರೆ ಅರ್ಥ ಒಂದೇ, ಕಂಪ್ಯೂಟರ್ ಚಕ್ರಬಡ್ಡಿ ಹಾಕುತ್ತಿದೆ. ಇದನ್ನು ಯಾರು ಬೇಕಾದರೂ ನೋಡಿಕೊಳ್ಳಬಹುದು: ದರ ಬದಲಾಗದ, ಹಣ ಬಿಡುಗಡೆಯಾಗದ ಅವಧಿಯಲ್ಲಿ 31 ದಿನದ ಎರಡು ತಿಂಗಳನ್ನು ಪಕ್ಕಪಕ್ಕ ಇಡಿ. ಒಂದೇ ಮೊತ್ತವಿದ್ದರೆ ಸರಳ ಬಡ್ಡಿ. ನನ್ನ ಸಾಲದಲ್ಲಿ ಅದನ್ನು ಹಾಗೇ ಬಿಟ್ಟಿದ್ದರೆ ಐದು ವರ್ಷಕ್ಕೆ 40 ಸಾವಿರಕ್ಕೂ ಹೆಚ್ಚು ಹೋಗುತ್ತಿತ್ತು, ನನ್ನ ಉಪಾಯವೂ ಬುಡಮೇಲಾಗುತ್ತಿತ್ತು.

ಬಾಯಿಮಾತಿನಲ್ಲಿ ಹೇಳಿದ್ದಕ್ಕೆ "ಸಿಸ್ಟಂ ಹಾಕುವ ಬಡ್ಡಿ ಯಜಮಾನರೇ, ನಮ್ಮ ಕೈಯಲ್ಲಿಲ್ಲ" ಎಂಬ ಉತ್ತರ ಬಂತು. ಮಂಜೂರಾತಿ ಪತ್ರದ ಆ ಸಾಲಿಗೆ ಗೆರೆ ಎಳೆದು, ಎರಡು ತಿಂಗಳ ಅಂಕಿ ಬರೆದು, ಅರ್ಜಿ ಕೊಟ್ಟು ಸ್ವೀಕೃತಿ ಮುದ್ರೆ ಹಾಕಿಸಿಕೊಂಡೆ. 30 ದಿನದಲ್ಲಿ ಉತ್ತರ ಬಾರದಿದ್ದರೆ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್‌ಗೆ ದೂರು ಕೊಡುತ್ತೇನೆ ಎಂದು ಕೊನೆಯಲ್ಲಿ ಬರೆದಿದ್ದೆ. ಇಪ್ಪತ್ತೈದು ದಿನ ಆಗಿರಬಹುದು, ಸರಿಪಡಿಸಿದರು. ಹೆಚ್ಚಾಗಿ ಹಾಕಿದ್ದ ಮುನ್ನೂರು ಚಿಲ್ಲರೆ ರೂಪಾಯಿ ಹಿಂದಕ್ಕೆ ಬಂತು. ಮೊತ್ತ ಚಿಕ್ಕದು, ಆದರೆ ಆ ವರ್ಷ ನಾನು ಮಾಡಿದ ಕೆಲಸಗಳಲ್ಲಿ ಅದೇ ದೊಡ್ಡದು.

ಠೇವಣಿಯನ್ನು ತಿಂಗಳು ತಿಂಗಳು ಕಟ್ಟುವುದು ನಮ್ಮಂಥವರಿಗೆ ಆಗದ ಮಾತು. ಕೊಯ್ಲು, ಸುಲಿತ ಮುಗಿದು ಅಡಿಕೆ ಶಿವಮೊಗ್ಗದ ಮಂಡಿಗೆ ಹೋದ ಮೇಲೆಯೇ ಕೈಯಲ್ಲಿ ದುಡ್ಡು. ಹಾಗಾಗಿ ಪ್ರತಿ ಮಾರ್ಚ್‌ನಲ್ಲಿ ಒಂದು ಠೇವಣಿ ಇಟ್ಟೆ: ಮೊದಲ ವರ್ಷ 35 ಸಾವಿರ, ಆಮೇಲೆ ಮೂರು ವರ್ಷ ನಲವತ್ತು ನಲವತ್ತು, ಕೊನೆಗೆ 20. ಎಲ್ಲದರ ಅವಧಿಯನ್ನೂ ಒಂದೇ ದಿನಕ್ಕೆ ಮುಗಿಯುವಂತೆ ಬರೆಸಿದೆ. ಮೂರನೆಯ ವರ್ಷದ ಮಳೆಗಾಲದಲ್ಲಿ ಕೊಳೆರೋಗ ಬಂತು. ಬೋರ್ಡೊ ಎರಡು ಸಲ ಹೊಡೆದರೂ ಮರದ ಬುಡದಲ್ಲಿ ಹಸಿರು ಕಾಯಿ ಹಾಸಿಗೆಯಂತೆ ಉದುರಿ ಬಿದ್ದಿತ್ತು, ಅರ್ಧ ಫಸಲು ಹೋಯಿತು. ಠೇವಣಿ ಮುರಿಯೋಣ ಎಂದು ಮನೆಯವಳು ಹೇಳಿದಾಗ ನನಗೂ ಹಾಗೇ ಅನ್ನಿಸಿತ್ತು. ಆದರೂ ಅದು ಮುರಿಯದಂತೆ ನಾನು ಮಾಡಿಕೊಂಡಿದ್ದ ಒಂದು ಏರ್ಪಾಡಿತ್ತು. ಅದು ನಮ್ಮ ಮನೆಯೊಳಗಿನ ಮಾತು, ಇಲ್ಲಿ ಬರೆಯುವುದಿಲ್ಲ. ಠೇವಣಿಗಳನ್ನು ಎಲ್ಲಿ ಇಟ್ಟೆ ಎಂಬುದನ್ನೂ ಹೇಳುವುದಿಲ್ಲ. ಸಿಕ್ಕ ಬಡ್ಡಿ ಸರಾಸರಿ ಆರರ ಮೇಲೆ ಇತ್ತು ಎಂದರೆ ಸಾಕು.

ನಡುವೆ ಎರಡು ಪ್ರಯೋಗ ಮಾಡಿದೆ. ಎರಡನೆಯ ವರ್ಷ ಮೆಣಸು ಮಾರಿದ ಹಣದಲ್ಲಿ ಹತ್ತು ಸಾವಿರವನ್ನು "ಅಸಲಿಗೆ ಜಮಾ ಮಾಡಿಕೊಳ್ಳಿ" ಎಂದು ಚೀಟಿ ಬರೆದು ಕಟ್ಟಿದೆ. ಅಸಲು ಇಳಿದರೆ ಹತ್ತು ಪರ್ಸೆಂಟ್ ಉಳಿತಾಯ, ಠೇವಣಿಗಿಂತ ಲಾಭ ಎಂಬ ಆಸೆ. ಆಗ ಅಸಲು ಮೂರು ಲಕ್ಷ, 31 ದಿನದ ಬಡ್ಡಿ 2,548. ಹತ್ತು ಸಾವಿರ ಇಳಿದಿದ್ದರೆ ಮುಂದಿನ ಅಂಥ ತಿಂಗಳಲ್ಲಿ 85 ರೂಪಾಯಿ ಕಡಿಮೆಯಾಗಬೇಕಿತ್ತು. ಅದೇ 2,548 ಬಂತು. ಬಂದ ಹಣವನ್ನು ಬ್ಯಾಂಕ್ ಮೊದಲು ಬಾಕಿ ಬಡ್ಡಿಗೆ ಹಾಕಿಕೊಂಡಿತ್ತು. ಆ ಹತ್ತು ಸಾವಿರ ಮೂರು ವರ್ಷಕ್ಕೂ ಹೆಚ್ಚು ಕಾಲ ಯಾವ ದುಡಿಮೆಯೂ ಇಲ್ಲದೆ ಕುಳಿತುಕೊಂಡಿತು. ತಿಂಗಳು ತಿಂಗಳು ಬಡ್ಡಿ ಕಟ್ಟಿದ್ದರೆ ನನ್ನ ಎಲ್ಲ ಹಣಕ್ಕೂ ಇದೇ ಗತಿಯಾಗುತ್ತಿತ್ತು.

ಎರಡನೆಯದು ಫಲಿಸಿತು. ಮೂರನೆಯ ವರ್ಷದ ಹಣ ಬಿಡುಗಡೆಗೆ ಮೊದಲು, ಕೊಳೆ ಇನ್ನೂ ಬಂದಿರಲಿಲ್ಲ, ಹಾಸ್ಟೆಲ್‌ನ 30 ಸಾವಿರವನ್ನು ಕೈಯಿಂದ ಕಟ್ಟಿ ಬ್ಯಾಂಕಿನಿಂದ ಒಂದೂವರೆಯ ಬದಲು 1 ಲಕ್ಷದ 20 ಸಾವಿರ ಮಾತ್ರ ಕೇಳಿದೆ. ತೆಗೆಯದ ಸಾಲಕ್ಕೆ ಬಡ್ಡಿಯೇ ಇಲ್ಲ. ಅಸಲು ಕಡಿಮೆ ಮಾಡಬೇಕೆಂದರೆ ಕಟ್ಟಿ ಇಳಿಸುವುದಕ್ಕಿಂತ ತೆಗೆಯುವಾಗಲೇ ಕಡಿಮೆ ತೆಗೆಯುವುದು ಸುಲಭ ಎಂದು ಆಗ ಗೊತ್ತಾಯಿತು.

ಇನ್ನು ಕೊನೆಯ ತಿಂಗಳು. ಅಸಲಿಗೆ ಸೇರುವ ದಿನ ಯಾವುದು ಎಂಬುದರಲ್ಲೇ ಹೆಚ್ಚಿನವರು ಮುಗ್ಗರಿಸುತ್ತಾರೆ. ಫಲಿತಾಂಶ ಬಂದ ದಿನದಿಂದ ಒಂದು ವರ್ಷ ಎಂದು ನಾನು ತಿಳಿದಿದ್ದೆ, ಅದು ಸೆಪ್ಟೆಂಬರ್‌ಗೆ ಬರುತ್ತಿತ್ತು. ಬ್ಯಾಂಕಿನ ಲೆಕ್ಕದಲ್ಲಿ ಮಂಜೂರಾತಿಯಲ್ಲಿ ಬರೆದ ಕೋರ್ಸಿನ ಅವಧಿಗೆ ಒಂದು ವರ್ಷ ಕೂಡಿಸಿ ಜುಲೈ 31. ಮೇ ತಿಂಗಳಲ್ಲೇ ಬರೆದು ಕೇಳಿದ್ದರಿಂದ ಬಚಾವಾದೆ. ಬಾಕಿ ಬಡ್ಡಿ ಎಷ್ಟು ಎಂದರೆ ಮೊದಲು ಅಸಲು ಬಡ್ಡಿ ಎರಡೂ ಸೇರಿದ ಒಂದೇ ಮೊತ್ತ ಕೊಟ್ಟರು. ಬೇರೆಬೇರೆಯಾಗಿ ಬರೆಸಿಕೊಳ್ಳಲು ಇನ್ನೆರಡು ಸಲ ಅಲೆದೆ.

ಅಷ್ಟು ಹೊತ್ತಿಗೆ ನನ್ನ ಠೇವಣಿಗಳು ಒಟ್ಟು ಒಂದೂ ಮುಕ್ಕಾಲು ಲಕ್ಷದಿಂದ ಎರಡು ಲಕ್ಷ ಚಿಲ್ಲರೆಗೆ ಬೆಳೆದಿದ್ದವು. ಬಡ್ಡಿಯೂ ಹೆಚ್ಚು ಕಡಿಮೆ ಅಷ್ಟೇ. ಹತ್ತು ಸಾವಿರ ಮೊದಲೇ ಹೋಗಿತ್ತಲ್ಲ, ಅದನ್ನು ಕಳೆದು ಉಳಿದದ್ದನ್ನು ಜುಲೈ 25ರಂದು ಕಟ್ಟಿದೆ. ಜುಲೈ ತಿಂಗಳ ಬಡ್ಡಿ ತಿಂಗಳ ಕೊನೆಯ ದಿನವೇ ಬೀಳುವುದರಿಂದ ಐದು ಸಾವಿರ ಕೈಯಲ್ಲಿ ಉಳಿಸಿಕೊಂಡಿದ್ದೆ. 31ರಂದು 4,841 ಬಿತ್ತು, ಅದೇ ದಿನ ಸಂಜೆಯೊಳಗೆ ಅದನ್ನೂ ತುಂಬಿದೆ. ಈ ಕೊನೆಯ ಚೂರನ್ನು ಮರೆತರೆ ಅದೊಂದು ಅಸಲಿಗೆ ಸೇರಿಬಿಡುತ್ತದೆ. ಕೃಷಿ ಆದಾಯಕ್ಕೆ ತೆರಿಗೆ ಇಲ್ಲದ್ದರಿಂದ ನನಗೆ ಶಿಕ್ಷಣ ಸಾಲದ ಬಡ್ಡಿಗಿರುವ ತೆರಿಗೆ ವಿನಾಯಿತಿಯಿಂದ ಏನೂ ಸಿಗಲಿಲ್ಲ. ಮಕ್ಕಳು ಸಂಬಳಕ್ಕೆ ಸೇರಿ ಹಳೆಯ ತೆರಿಗೆ ಪದ್ಧತಿಯಲ್ಲಿದ್ದರೆ ಅವರ ದುಡಿಮೆಯ ಹಣದಿಂದಲೇ ಕಟ್ಟಿಸಿ.

ಎಲ್ಲ ಮುಗಿಯಿತು ಎಂದುಕೊಂಡರೆ, ಬ್ಯಾಂಕ್ ಕೊಟ್ಟ ಕಂತಿನ ಪಟ್ಟಿಯಲ್ಲಿ 10,200 ಎಂದಿತ್ತು. ಬಡ್ಡಿ ಸೇರಿ ಏಳು ಲಕ್ಷದ ಎಪ್ಪತ್ತು ಸಾವಿರವಾಗುತ್ತದೆ ಎಂದು ಮೊದಲೇ ಹಾಕಿಟ್ಟಿದ್ದ ಲೆಕ್ಕ ಅದು. ಮತ್ತೆ ಅರ್ಜಿ, ಮತ್ತೆ ಸ್ವೀಕೃತಿ. ಹತ್ತು ವರ್ಷದ ಅವಧಿಗೆ ಹೊಸ ಕಂತು 7,533 ಎಂದು ನಿಗದಿಯಾಯಿತು. ತಿಂಗಳಿಗೆ ಎರಡು ಸಾವಿರದ ಆರುನೂರಕ್ಕಿಂತ ಹೆಚ್ಚು ಉಳಿಯುತ್ತದೆ. ಹತ್ತು ವರ್ಷಕ್ಕೆ ಮೂರು ಲಕ್ಷ ದಾಟುವ ಈ ಉಳಿತಾಯಕ್ಕೆ ನನ್ನ ಜೇಬಿನಿಂದ ಹೋದದ್ದು ಒಂದು ಲಕ್ಷದ ಎಂಬತ್ತೈದು ಸಾವಿರ. ಭಾವನಿಗೆ ಎರಡೂ ಪಟ್ಟಿಯನ್ನು ಪಕ್ಕಪಕ್ಕ ಇಟ್ಟು ತೋರಿಸಿದೆ. ಅವನು ಕನ್ನಡಕ ತೆಗೆದು ಒರೆಸಿ ಇನ್ನೊಮ್ಮೆ ಓದಿದ. ಈಗ ಅವನ ಕಿರಿಯ ಮಗನ ಸಾಲದ ಪತ್ರವೂ ನನ್ನ ಮೇಜಿನ ಮೇಲಿದೆ, ಅದರಲ್ಲಿ ಒಂದು ಪರ್ಸೆಂಟ್ ರಿಯಾಯಿತಿಯ ಸಾಲು ಇದೆಯೇ ಎಂದು ಹುಡುಕುತ್ತಿದ್ದೇನೆ.