ಫ್ಯಾನ್ ಆನ್ ಮಾಡಿದ್ರೆ ಕೇಕ್ ಮೇಲ್ಗಡೆ ಕಪ್ಪು, ಒಳಗೆ ಹಸಿ: ನಾನು ಸರಿ ಮಾಡ್ಕೊಂಡಿದ್ದು ಹೀಗೆ

ನಾನು ಮಾಡ್ತಿದ್ದ ಬಾಳೆಹಣ್ಣಿನ ಲೋಫ್ ಕೇಕ್ ರೆಸಿಪಿಯಲ್ಲಿ 180 ಡಿಗ್ರಿ, 60 ನಿಮಿಷ ಅಂತ ಇತ್ತು, ಫ್ಯಾನ್ ಇಲ್ಲದ ಓವನ್‌ಗೆ ಬರೆದಿದ್ದು. ಹೊಸ ಓವನ್ ಬಂದ್ಮೇಲೆ ನಾನು ಅದನ್ನ ಯೋಚನೆ ಮಾಡದೆ ಫ್ಯಾನ್ ತಿರುಗೋ ಕನ್ವೆಕ್ಷನ್ ಮೋಡ್‌ನಲ್ಲಿ ಅದೇ 180ಕ್ಕೆ ಇಟ್ಟೆ. 35ನೇ ನಿಮಿಷಕ್ಕೆ ಗಾಜಿನಲ್ಲಿ ಇಣುಕಿದ್ರೆ ಮೇಲ್ಗಡೆ ಕಾಫಿ ಪುಡಿ ಬಣ್ಣ, ಮಧ್ಯ ಗುಡ್ಡದ ತರ ಉಬ್ಬಿ ಬಿರುಕು ಬಿಟ್ಟಿದೆ. ಆಯ್ತು ಅನ್ಕೊಂಡು ಕಡ್ಡಿ ಚುಚ್ಚಿದ್ರೆ ಹಸಿ ಹಿಟ್ಟು ಅಂಟ್ಕೊಂಡು ಬಂತು.

ಆಮೇಲೆ ನಾನು ಮಾಡಿದ ಎರಡನೇ ತಪ್ಪು ಇನ್ನೂ ಚೆನ್ನಾಗಿದೆ: ಟೆಂಪರೇಚರ್ ಹಾಗೇ ಇಟ್ಟು ಟೈಮ್ ಮಾತ್ರ 45ಕ್ಕೆ ಇಳಿಸಿದೆ, ಕನ್ವೆಕ್ಷನ್ ಬೇಗ ಬೇಯಿಸುತ್ತೆ ಅಂತ ಕೇಳಿದ್ನಲ್ಲ. ಫಲಿತಾಂಶ ಅದೇ.

ಫ್ಯಾನ್ ಏನು ಮಾಡುತ್ತೆ ಅಂತ ಅರ್ಥ ಆದ್ಮೇಲೇ ತಲೆಗೆ ಹೋಗಿದ್ದು. ಸಾಮಾನ್ಯ ಓವನ್‌ನಲ್ಲಿ ಕೇಕ್ ಸುತ್ತ ಸ್ವಲ್ಪ ತಣ್ಣಗಿನ, ತೇವ ಇರೋ ಗಾಳಿಯ ಒಂದು ತೆಳು ಪದರ ನಿಂತಿರುತ್ತೆ, ಫ್ಯಾನ್ ಅದನ್ನ ಹಾರಿಸಿಬಿಡುತ್ತೆ. ಆಗ ಮೇಲ್ಮೈ ಬೇಗ ಒಣಗುತ್ತೆ, ಒಣಗಿದ್ರೇನೇ ಅದರ ಬಿಸಿ 100 ಡಿಗ್ರಿ ದಾಟೋದು, ಸುಮಾರು 140ರ ಹತ್ರ ಬಂದ್ರೆ ಕಂದು ಬಣ್ಣ ಜೋರಾಗಿ ಶುರು. ಆದ್ರೆ ಮಧ್ಯಕ್ಕೆ ಬಿಸಿ ಹೋಗೋದು ಹಿಟ್ಟಿನ ಮೂಲಕಾನೇ, ಫ್ಯಾನ್ ಗಾಳಿ ಅಲ್ಲಿಗೆ ನುಗ್ಗಲ್ಲ. ಅಂದ್ರೆ ಹೊರಗಿನ ವೇಗ ಜಾಸ್ತಿ ಆಯ್ತು, ಒಳಗಿಂದು ಅಷ್ಟು ಜಾಸ್ತಿ ಆಗ್ಲಿಲ್ಲ. ಹಾಗಾಗಿ ದಪ್ಪ ಇರೋ ಯಾವುದಕ್ಕಾದ್ರೂ ಮೊದಲು ಇಳಿಸ್ಬೇಕಾಗಿರೋದು ಟೆಂಪರೇಚರ್, ಟೈಮ್ ಅಲ್ಲ. ಬಾಳೆಹಣ್ಣಿನ ಕೇಕಲ್ಲಿ ಸಕ್ಕರೆ ಬೇರೆ ಜಾಸ್ತಿ ಇರುತ್ತಲ್ಲ, ಬಣ್ಣ ಇನ್ನೂ ಬೇಗ ಬರುತ್ತೆ.

ಮೂರನೇ ಸಲ 160ಕ್ಕೆ ಇಟ್ಟೆ, ಅಂದ್ರೆ 20 ಡಿಗ್ರಿ ಕಡಿಮೆ. ಫ್ಯಾರನ್‌ಹೀಟ್ ರೆಸಿಪಿ ಆದ್ರೆ ಸಾಮಾನ್ಯವಾಗಿ 25 ಇಳಿಸ್ತಾರೆ, 350 ಇದ್ರೆ 325. ಟಿನ್ ಮಧ್ಯದ ರ‍್ಯಾಕ್‌ನಲ್ಲಿ, ಗೋಡೆಗೆ ತಾಗದ ಹಾಗೆ, ಸುತ್ತ ಗಾಳಿ ಓಡಾಡೋಕೆ ಜಾಗ ಬಿಟ್ಟು. 40ನೇ ನಿಮಿಷಕ್ಕೆ ನೋಡಿದ್ರೆ ತಿಳಿ ಕಂದು, ಮೇಲ್ಗಡೆ ಗಟ್ಟಿಯಾಗಿದೆ, ಕಡ್ಡಿ ಇನ್ನೂ ಒದ್ದೆ. ಇಲ್ಲಿ ಅಲ್ಯೂಮಿನಿಯಂ ಫಾಯಿಲ್ ಸಡಿಲವಾಗಿ ಟೆಂಟ್ ತರ ಮುಚ್ಚಿ ಅಂಚನ್ನ ಟಿನ್ನಿಗೆ ಮಡಚಿದೆ, ಮಡಚದಿದ್ರೆ ಫ್ಯಾನ್ ಗಾಳಿಗೆ ಅದು ಹಾರಿ ಹೋಗುತ್ತೆ (ಒಂದ್ಸಲ ನಂದು ಹಾರಿ ಹಿಂದಿನ ಜಾಲರಿಗೆ ಅಂಟ್ಕೊಂಡು ಕರಕರ ಅಂತ ಸದ್ದು ಮಾಡ್ತಿತ್ತು). ಮೊದಲೇ ಮುಚ್ಚಬೇಡಿ, ಮೇಲ್ಮೈ ಇನ್ನೂ ಅಂಟು ಅಂಟಾಗಿದ್ರೆ ಫಾಯಿಲ್ ಜೊತೆ ಸಿಪ್ಪೆ ಎದ್ದು ಬರುತ್ತೆ. 53ನೇ ನಿಮಿಷಕ್ಕೆ ಕಡ್ಡಿಗೆ ಒಂದೆರಡು ಒದ್ದೆ ಚೂರು ಮಾತ್ರ, ಪ್ರೋಬ್ ಥರ್ಮಾಮೀಟರ್ ಚುಚ್ಚಿದ್ರೆ ಮಧ್ಯದಲ್ಲಿ 97 ಡಿಗ್ರಿ. ತೆಗೆದೆ. ಗುಡ್ಡನೂ ಕಡಿಮೆ, ಬಿರುಕು ಸಣ್ಣದು.

ಅಷ್ಟಾದ್ರೂ ಕಪ್ಪಗಾದ್ರೆ ಎರಡು ಕಡೆ ಅನುಮಾನ ಪಡಿ. ಒಂದು ಟಿನ್, ಕಪ್ಪು ಬಣ್ಣದ್ದು ಬಿಸಿನ ಜಾಸ್ತಿ ಹೀರುತ್ತೆ, ಅದಕ್ಕೆ ನಾನು ಇನ್ನೊಂದು 10 ಡಿಗ್ರಿ ಇಳಿಸ್ತೀನಿ. ಇನ್ನೊಂದು ಓವನ್ನೇ: ಒಳಗೆ ತೂಗುಹಾಕೋ ಥರ್ಮಾಮೀಟರ್ ಇಟ್ಟು ನೋಡಿದಾಗ ನಂದು 160ಕ್ಕೆ ಇಟ್ರೆ 172 ತೋರಿಸ್ತಿತ್ತು. ಹಾಂ, ಕೆಲವು ಓವನ್ ಕನ್ವೆಕ್ಷನ್ ಆರಿಸಿದ ತಕ್ಷಣ ತಾನೇ ಟೆಂಪರೇಚರ್ ಇಳಿಸಿಕೊಳ್ಳುತ್ತೆ, ಅಂಥದ್ರಲ್ಲಿ ನೀವೂ ಇಳಿಸಿದ್ರೆ ಕೇಕ್ ಬಿಳುಚಿಕೊಂಡು ಕೂತಿರುತ್ತೆ, ಮ್ಯಾನ್ಯುಯಲ್ ನೋಡ್ಕೊಳ್ಳಿ.

ಕುಕೀಸ್ ತರ ತೆಳ್ಳಗಿರೋದಕ್ಕೆ ಈ ಗೋಳು ಅಷ್ಟಿಲ್ಲ, ಅಂಚು ಮತ್ತು ಮಧ್ಯ ಹೆಚ್ಚುಕಮ್ಮಿ ಒಟ್ಟಿಗೇ ಬೇಯುತ್ತೆ. 10-15 ಡಿಗ್ರಿ ಇಳಿಸಿ ಹೇಳಿದ ಟೈಮ್‌ಗಿಂತ ಎರಡು ಮೂರು ನಿಮಿಷ ಮೊದಲೇ ನೋಡಿದ್ರೆ ಸಾಕು. ಕಸ್ಟರ್ಡ್‌ಗೆ ಮಾತ್ರ ನಾನು ಫ್ಯಾನ್ ಹಾಕೋದೇ ಇಲ್ಲ, ಮೇಲೆ ಚರ್ಮ ಕಟ್ಟುತ್ತೆ.

ಉಲ್ಟಾ ಲೆಕ್ಕನೂ ಒಮ್ಮೆ ಬೇಕಾಯ್ತು. ಫ್ಯಾನ್ 160 ಅಂತ ಬರೆದಿದ್ದ ಕೇಕನ್ನ ತಂಗಿ ಮನೆಯ ಹಳೇ ಓವನ್‌ನಲ್ಲಿ 180ಕ್ಕೆ ಇಟ್ವಿ, ಒಂದೇ ಟಿನ್, ಮಧ್ಯದ ರ‍್ಯಾಕ್, ಮುಕ್ಕಾಲು ಬೆಂದ್ಮೇಲೆ ಹಿಂದೆ ಮುಂದೆ ತಿರುಗಿಸಿದ್ವಿ ಯಾಕಂದ್ರೆ ಗಾಳಿ ಕಲಸೋಕೆ ಅಲ್ಲಿ ಏನೂ ಇಲ್ಲ. ಟೈಮ್ 8 ನಿಮಿಷ ಜಾಸ್ತಿ ಹಿಡೀತು, ಬಣ್ಣ ಮಾತ್ರ ಒಂದು ಪಕ್ಕ ಸ್ವಲ್ಪ ಗಾಢ.