ರಿಜೆಕ್ಟ್ ಆದ ಕೆಲಸವೇ ಮತ್ತೆ ಪೋಸ್ಟ್ ಆದರೆ

ನಿಮ್ಮನ್ನು ರಿಜೆಕ್ಟ್ ಮಾಡಿದ ಕೆಲಸವೇ ಕೆಲವು ವಾರ ಬಿಟ್ಟು ಮತ್ತೆ ಪೋಸ್ಟ್ ಆದರೆ, ಪೋರ್ಟಲ್‌ನಲ್ಲಿ ಹೊಸ ಅರ್ಜಿ ಹಾಕುವ ಮೊದಲು ಎಚ್‌ಆರ್ ಕಳಿಸಿದ ಹಳೇ ಮೇಲ್‌ಗೇ ರಿಪ್ಲೈ ಮಾಡಿ. ನಮ್ಮಲ್ಲಿ ಎಷ್ಟೋ ಕಂಪನಿಗಳಲ್ಲಿ ನೋಟಿಸ್ ಪೀರಿಯಡ್ ಎರಡು-ಮೂರು ತಿಂಗಳು. ಆಫರ್ ಒಪ್ಪಿಕೊಂಡವರು ಅಷ್ಟರಲ್ಲಿ ಜಾಸ್ತಿ ಸಂಬಳ ಸಿಕ್ಕ ಕಡೆ ಹೋಗಿಬಿಡುತ್ತಾರೆ, ಸೀಟು ಮತ್ತೆ ಖಾಲಿ. ನಿಮ್ಮ ಇಂಟರ್ವ್ಯೂ ವಿವರ ಆ ಮೇಲ್‌ನ ಕೆಳಗೇ ಇರುವುದರಿಂದ ಎಚ್‌ಆರ್‌ಗೆ ಹುಡುಕುವ ಕೆಲಸ ತಪ್ಪುತ್ತದೆ. ಐದು ಸಾಲು ಸಾಕು: “ಮಾರ್ಚ್‌ನಲ್ಲಿ ಟೆಸ್ಟಿಂಗ್ ಹುದ್ದೆಗೆ ಮ್ಯಾನೇಜರ್ ರೌಂಡ್‌ವರೆಗೆ ಬಂದಿದ್ದೆ. ಅದೇ ಹುದ್ದೆ ಮತ್ತೆ ತೆರೆದಿರುವುದು ನೋಡಿದೆ. ಆಗ ಆಟೋಮೇಷನ್ ಅನುಭವ ಕಡಿಮೆ ಅಂದಿದ್ದಿರಿ. ಈಗ ನಮ್ಮ ಪ್ರಾಜೆಕ್ಟ್‌ನ ಲಾಗಿನ್, ಪೇಮೆಂಟ್ ಟೆಸ್ಟ್‌ಗಳನ್ನು ಸೆಲೆನಿಯಂನಲ್ಲಿ ಬರೆದಿದ್ದೇನೆ. 30 ದಿನದಲ್ಲಿ ಸೇರಬಲ್ಲೆ, ಮತ್ತೆ ಪರಿಗಣಿಸುತ್ತೀರಾ?” ಸೇರುವ ದಿನ ಬರೆಯುವುದನ್ನು ಮಾತ್ರ ಮರೆಯಬೇಡಿ, ಒಬ್ಬರು ಕೈಕೊಟ್ಟ ಮೇಲೆ ಎಚ್‌ಆರ್ ಮೊದಲು ನೋಡುವುದೇ ಅದನ್ನು. ಯಾಕೆ ರಿಜೆಕ್ಟ್ ಮಾಡಿದಿರಿ ಅಂತ ಈ ಮೇಲ್‌ನಲ್ಲಿ ಕೇಳಬೇಡಿ. ಮೊದಲ ಟೆಸ್ಟ್‌ನಲ್ಲೇ ಹೊರಬಿದ್ದಿದ್ದರೆ ಇದು ಅಷ್ಟಾಗಿ ನಡೆಯಲ್ಲ. ಆರು ತಿಂಗಳು ಮತ್ತೆ ಅರ್ಜಿ ಹಾಕುವಂತಿಲ್ಲ ಅನ್ನೋ ನಿಯಮ ಇರುವ ಕಂಪನಿಗಳಲ್ಲೂ ಅಷ್ಟೇ. ಜಾಬ್ ಐಡಿಯನ್ನೂ ನೋಡಿಕೊಳ್ಳಿ. ಹಳೇ ನಂಬರೇ ಇದ್ದರೆ ಜಾಹೀರಾತು ಸುಮ್ನೆ ರಿನ್ಯೂ ಆಗಿರಬಹುದು, ಹೊಸ ನಂಬರ್ ಇದ್ದರೆ ಆಸೆ ಜಾಸ್ತಿ. ವಾರದಲ್ಲಿ ಉತ್ತರ ಬರದಿದ್ದರೆ ಆಗ ಪೋರ್ಟಲ್‌ನಲ್ಲಿ ಹಾಕಿ.